ಅಪ್‌ಡೇಟ್: ಬೀದರಿನಲ್ಲಿ ದಾರಿ ತಪ್ಪಿದ ಹಿರಿಯರಿಗೆ ಹೋಟೆಲ್ ಸಿಕ್ಕಿತು

ನಾನು ಕೇಳಿದ್ದು: "ಬೀದರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಚೌಬಾರಾದ ಹತ್ತಿರ ಹತ್ತಿದ ಹಿರಿಯ ಪ್ರವಾಸಿಯೊಬ್ಬರಿಗೆ ತಮ್ಮ ಹೋಟೆಲಿನ ಹೆಸರು ನೆನಪಿಲ್ಲ. ಹೇಗೆ ಹುಡುಕಲಿ?"

ಅಂದೇ ರಾತ್ರಿ ಅವರು ಕ್ಷೇಮವಾಗಿ ಕೋಣೆ ಸೇರಿದರು. ಬುಕಿಂಗ್ ಸಂದೇಶ ನೋಡಿ ಎಂಬ ಸಲಹೆ ಫಲಿಸಲಿಲ್ಲ. ಕೋಣೆ ಕಾಯ್ದಿರಿಸಿದ್ದು ಮಗ, ಅವರಿಗೆ ಕರೆ ತಾಗುತ್ತಿರಲಿಲ್ಲ. ಫೋಟೋದಲ್ಲಿ ಸ್ಥಳ ದಾಖಲಾಗಿರುತ್ತದೆ ಎಂದವರ ಮಾತಿನಂತೆ ನೋಡಿದೆವಾದರೂ, ಕ್ಯಾಮೆರಾದಲ್ಲಿ ಆ ಸೌಲಭ್ಯ ಆಫ್ ಆಗಿತ್ತು.

ಆದರೆ "ಫೋಟೋವನ್ನೇ ಗಮನವಿಟ್ಟು ನೋಡಿ" ಎಂದು ಬರೆದ ಅಕ್ಕನವರ ಸಲಹೆ ಕೆಲಸಕ್ಕೆ ಬಂತು. ಬೆಳಿಗ್ಗೆ ಕೋಣೆಯ ಕಿಟಕಿಯಿಂದ ತೆಗೆದ ಚಿತ್ರದಲ್ಲಿ ಮಹಮೂದ್ ಗವಾನ್ ಮದರಸಾದ ಮಿನಾರು ಬಲಕ್ಕಿತ್ತು, ಎಡಗಡೆ ಬರಿದಾಗಿತ್ತು. 1472ರ ಈ ಕಟ್ಟಡದ ಮುಂಭಾಗ ಪೂರ್ವಕ್ಕಿದ್ದು, ಅಲ್ಲಿದ್ದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಉತ್ತರದ್ದು ಮಾತ್ರ; ಅದು ಬಲಕ್ಕೆ ಕಾಣಬೇಕಾದರೆ ನೋಡುವವರು ಪೂರ್ವದಲ್ಲಿರಬೇಕು. ಹಿಂದಿನಿಂದ ನೋಡಿದ್ದರೆ ಅದು ಎಡಕ್ಕೆ ಬರುತ್ತಿತ್ತು.

ಹಾಗಾಗಿ ಪೂರ್ವದ ಕಡೆಯ ಲಾಡ್ಜುಗಳಲ್ಲಷ್ಟೇ ವಿಚಾರಿಸಿದೆವು. ಎರಡನೆಯದರಲ್ಲೇ ರಿಜಿಸ್ಟರಿನಲ್ಲಿ ಅವರ ಹೆಸರಿತ್ತು. ನನಗೆ ಅಚ್ಚರಿಯಾದದ್ದೆಂದರೆ, ಬೆಳಿಗ್ಗೆ ಹಿಂಬಾಗಿಲಿನಿಂದ ಹೊರಟಿದ್ದ ಅವರು ಸಂಜೆ ಅದರ ಮುಂದೆಯೇ ಎರಡು ಸಲ ಹಾದುಹೋಗಿದ್ದರಂತೆ. ಈಗ ಊರಿಗೆ ಹೊಸಬರಾದ ಹಿರಿಯರು ಹತ್ತಿದರೆ, ಇಳಿಸುವಾಗ ಹೋಟೆಲಿನ ಕಾರ್ಡನ್ನು ಕೇಳಿ ಪಡೆದು ಅವರ ಜೇಬಿಗಿಟ್ಟೇ ಹೊರಡುತ್ತೇನೆ.