ಅಪ್‌ಡೇಟ್: ಹಳೇ ಆರ್ಡರ್ ಅಳಿಸಲಿಲ್ಲ, ಬೇರೆ ಕಡೆ ಇಟ್ಟೆವು

ನಾನು ಕೇಳಿದ್ದು: "ತೀರ್ಥಹಳ್ಳಿಯಲ್ಲಿ ಉಪ್ಪಿನಕಾಯಿ, ಜೇನುತುಪ್ಪ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಆರ್ಡರ್ ಪಟ್ಟಿ ತೆರೆಯೋದೇ ನಿಧಾನ. ಆರು ವರ್ಷ ದಾಟಿದ್ದನ್ನು ಅಳಿಸಬಹುದಾ?"

ಅಪ್‌ಡೇಟ್: ನಾನು ಎಣಿಸಿದ್ದೇ ತಪ್ಪು. ಜಿಎಸ್‌ಟಿ ಕಾನೂನಿನ 36ನೇ ಸೆಕ್ಷನ್ ಹೇಳುವುದು 72 ತಿಂಗಳು, ನಿಜ. ಆದರೆ ಅದು ಆರ್ಡರ್ ಬಂದ ದಿನದಿಂದ ಅಲ್ಲ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ. 2021ರ ಮೇ ತಿಂಗಳ ಆರ್ಡರ್ 2021-22ಕ್ಕೆ ಸೇರುತ್ತದೆ. ಅದರ ಕೊನೆಯ ದಿನ 2022ರ ಡಿಸೆಂಬರ್ 31. ಅಂದರೆ 2028ರ ಡಿಸೆಂಬರ್ 31ರವರೆಗೆ ಇಡಬೇಕು. ನಾನು 2027ರ ಮೇಗೇ ಅಳಿಸುತ್ತಿದ್ದೆ! ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ, ಅದು ಮುಗಿದು ಒಂದು ವರ್ಷದವರೆಗೆ, ಇಲ್ಲವೇ ಈ 72 ತಿಂಗಳು, ಯಾವುದು ಆಮೇಲೆ ಬರುತ್ತೋ ಅಲ್ಲಿಯವರೆಗೆ.

ಹಾಗಾಗಿ ಮುಗಿದ ವರ್ಷಗಳ ಆರ್ಡರ್‌ಗಳನ್ನು ಡೇಟಾಬೇಸ್‌ನ ಬೇರೆ ಟೇಬಲ್‌ಗೆ ಸಾಗಿಸಿದೆವು. ಮೊದಲ ಸಲ ಎಡವಟ್ಟಾಯ್ತು. ವಸ್ತುವಿನ ಐಡಿ ಮಾತ್ರ ನಕಲಾಗಿತ್ತು. 180 ರೂಪಾಯಿಗೆ ಮಾರಿದ್ದ ಮಿಡಿ ಉಪ್ಪಿನಕಾಯಿ ಹಳೇ ಆರ್ಡರ್‌ನಲ್ಲೂ ಈಗಿನ 240 ಅಂತ ತೋರಿಸಿತು. ಈಗ ಅಂದಿನ ಹೆಸರು, ಬೆಲೆ, ತೆರಿಗೆ ದರ, ಇನ್‌ವಾಯ್ಸ್ ನಂಬರ್ ಎಲ್ಲವೂ ಆ ಸಾಲಿನಲ್ಲೇ ಇವೆ.

ಆಮೇಲೆ ತಿಂಗಳು ತಿಂಗಳ ಮೊತ್ತವನ್ನು ಆಗ ಸಲ್ಲಿಸಿದ್ದ ಮಾರಾಟದ ರಿಟರ್ನ್ GSTR-1 ಜೊತೆ ತಾಳೆ ನೋಡಿದೆವು. 2022ರ ಮಾರ್ಚ್ ಮಾತ್ರ ಹೊಂದಲಿಲ್ಲ. ಬಾಟಲಿ ಒಡೆದು ಎರಡು ಆರ್ಡರ್ ವಾಪಸ್ ಬಂದಿದ್ದವು. ಅವುಗಳ ಕ್ರೆಡಿಟ್ ನೋಟ್ ಬೇರೆ ಟೇಬಲ್‌ನಲ್ಲಿ ಉಳಿದಿತ್ತು. ಅದನ್ನೂ ತಂದ ಮೇಲೆ ಪೈಸೆ ಸಮೇತ ಸರಿಹೋಯ್ತು. ಆಮೇಲಷ್ಟೇ ಮುಖ್ಯ ಟೇಬಲ್‌ನಿಂದ ತೆಗೆದೆವು.