ಪದಚರ್ಚೆ: ರಿಯಾಕ್ಟನ್ಸ್‌ಗೂ ‘ರೋಧ’ ಎಂದರೆ ಸಾಕೇ?

ಕಾರವಾರದಿಂದ, ಪ್ರಶ್ನೆ:

ಪಿಯು ಮಕ್ಕಳ ಪ್ರಯೋಗದ ಹಾಳೆಯನ್ನು ಕನ್ನಡದಲ್ಲಿ ಹೊಸದಾಗಿ ಬರೆಯುತ್ತಿದ್ದೇನೆ. ರೆಸಿಸ್ಟನ್ಸ್‌ಗೆ ‘ರೋಧ’ ಎಲ್ಲರಿಗೂ ಗೊತ್ತು. ರಿಯಾಕ್ಟನ್ಸ್, ಇಂಪೀಡೆನ್ಸ್ ಎರಡಕ್ಕೆ ಏನು ಬರೆಯಲಿ? ಹಳೆಯ ಹಾಳೆಯಲ್ಲಿ ರಿಯಾಕ್ಟನ್ಸ್‌ಗೆ ‘ಕಾಯಿಲಿನ ರೋಧ’, ‘ಕೆಪಾಸಿಟರಿನ ರೋಧ’, ಇಂಪೀಡೆನ್ಸ್‌ಗೆ ‘ಒಟ್ಟು ರೋಧ’ ಎಂದಿದೆ. ಓದಲು ಸಲೀಸು. ಆದರೆ ಅದನ್ನು ಓದಿದ ಮಕ್ಕಳು ರೋಧಕದ್ದು, ಕಾಯಿಲಿನದು, ಕೆಪಾಸಿಟರಿನದು ಮೂರನ್ನೂ ಸುಮ್ನೆ ಕೂಡಿಸಿಬಿಡುತ್ತಾರೆ.

100 ಓಮ್ ರೋಧಕ, ಅರ್ಧ ಹೆನ್ರಿಯ ಕಾಯಿಲ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೂರನ್ನೂ ಸರಣಿಯಲ್ಲಿ ಜೋಡಿಸಿ, ಟ್ರಾನ್ಸ್‌ಫಾರ್ಮರಿನಿಂದ 50 ಹರ್ಟ್ಸ್‌ನ 10 ವೋಲ್ಟ್ ಕೊಟ್ಟೆವು. ಲೆಕ್ಕದಲ್ಲಿ ಕಾಯಿಲಿನದು 157 ಓಮ್, ಕೆಪಾಸಿಟರಿನದು 318. ಮಕ್ಕಳು ಒಟ್ಟು 575 ಎಂದರು, ಅಂದರೆ 17 ಮಿಲಿಆಂಪಿಯರ್ ಹರಿಯಬೇಕು. ಮೀಟರ್ 47 ತೋರಿಸಿತು.

ಹೊನ್ನಾವರದಿಂದ:

ಅಳತೆ ಓಮ್‌ನಲ್ಲೇ ಇರುವಾಗ ಬೇರೆ ಹೆಸರು ಯಾಕೆ? ‘ಎಸಿ ರೋಧ’ ಎಂದರೆ ಮುಗಿಯಿತು. ಒಂದು ಮಾತು ಮಾತ್ರ ಹೇಳಿಕೊಡಿ: ಕಾಯಿಲಿನದನ್ನೂ ಕೆಪಾಸಿಟರಿನದನ್ನೂ ಕೂಡಿಸಬಾರದು, ಕಳೆಯಬೇಕು. ಎರಡೂ ಸಮವಾದಾಗ ಅನುರಣನೆ. ಆಗ ಇಂಪೀಡೆನ್ಸ್ ಸೊನ್ನೆ.

ಶಿರಸಿಯಿಂದ:

ಕಳೆಯಬೇಕು ಎಂಬುದು ಸರಿ. ಇಂಪೀಡೆನ್ಸ್ ಸೊನ್ನೆ ಎಂಬುದು ಸರಿಯಲ್ಲ ಮಾರಾಯ್ರೇ. ಸೊನ್ನೆಯಾಗುವುದು ರಿಯಾಕ್ಟನ್ಸ್. ರೋಧ ಎಲ್ಲಿಗೂ ಹೋಗುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಇದೇ ಗೊಂದಲ ಹುಟ್ಟುತ್ತದೆ, ಅಲ್ವಾ?

ರೋಧದಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಕಾಯಿಲೂ ಕೆಪಾಸಿಟರೂ ಶಕ್ತಿಯನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ವಾಪಸ್ ಕೊಡುತ್ತವೆ. ಕಾಯಿಲಿನ ವೋಲ್ಟೇಜು ಕರೆಂಟಿಗಿಂತ ಕಾಲು ಸುತ್ತು ಮುಂದೆ, ಕೆಪಾಸಿಟರಿನದು ಕಾಲು ಸುತ್ತು ಹಿಂದೆ. ಆದ್ದರಿಂದ ಇವೆರಡು ಒಂದನ್ನೊಂದು ಕಡಿಮೆ ಮಾಡುತ್ತವೆ. ಉಳಿದದ್ದು ರೋಧದ ಜೊತೆ ಲಂಬಕೋನದಲ್ಲಿ ಸೇರುತ್ತದೆ.

ಅಕ್ಕೋರೆ, ನಿಮ್ಮ ಅಂಕಿಗಳಲ್ಲೇ ನೋಡಿ. 318ರಲ್ಲಿ 157 ಕಳೆದರೆ 161. ಅದನ್ನು 100ರ ಜೊತೆ ಪೈಥಾಗೊರಸ್ ರೀತಿಯಲ್ಲಿ ಸೇರಿಸಿದರೆ ಸುಮಾರು 190 ಓಮ್. ಅದಕ್ಕೆ 53 ಮಿಲಿಆಂಪಿಯರ್ ಬರಬೇಕು. ನಿಮಗೆ 47 ಬಂದಿದೆ. ಕಾಯಿಲ್ ಎಂದರೆ ಸಾವಿರಾರು ಸುತ್ತು ತಂತಿ, ಅದಕ್ಕೆ ತನ್ನದೇ ರೋಧ ಇರುತ್ತದೆ. ಕಾಯಿಲನ್ನು ಬಿಚ್ಚಿ ಮಲ್ಟಿಮೀಟರಿನ ಓಮ್ ಕಡೆ ಅಳೆಯಿರಿ. 40ರ ಹತ್ತಿರ ಬಂದರೆ ಲೆಕ್ಕ ಕೂಡುತ್ತದೆ. 140 ಮತ್ತು 161 ಸೇರಿ 213 ಓಮ್, 47 ಮಿಲಿಆಂಪಿಯರ್.

ಈಗ ಇನ್ನೊಂದು 10 ಮೈಕ್ರೋಫ್ಯಾರಡನ್ನು ಮೊದಲಿನ ಕೆಪಾಸಿಟರಿಗೆ ಸಮಾಂತರವಾಗಿ ಹಾಕಿ. ಎರಡೂ ಎಸಿಗೆ ಆಗುವಂಥವು ಇರಲಿ, ಪ್ಲಸ್ ಮೈನಸ್ ಗುರುತಿನ ಎಲೆಕ್ಟ್ರೋಲಿಟಿಕ್ ಬೇಡ. ಕೆಪಾಸಿಟರಿನ ಕಡೆ 159 ಓಮ್ ಆಗುತ್ತದೆ. ಕಾಯಿಲಿನ 157ಕ್ಕೆ ಬಹುತೇಕ ಸಮ. ಅನುರಣನೆಯ ಆವೃತ್ತಿ 71 ಹರ್ಟ್ಸ್ ಇದ್ದದ್ದು 50ರ ಹತ್ತಿರ ಇಳಿಯಿತು. ಕರೆಂಟು 71 ಮಿಲಿಆಂಪಿಯರ್‌ಗೆ ಏರುತ್ತದೆ, ಅದಕ್ಕಿಂತ ಜಾಸ್ತಿ ಏರುವುದಿಲ್ಲ. ಕೆಪಾಸಿಟರುಗಳ ಮೇಲೆ 11 ವೋಲ್ಟ್ ದಾಟುತ್ತದೆ, ಕೊಟ್ಟದ್ದು ಹತ್ತೇ! ಕಾಯಿಲ್ ಮತ್ತು ಕೆಪಾಸಿಟರ್ ಎರಡನ್ನೂ ಸೇರಿಸಿ ಅಳೆದರೆ ಸೊನ್ನೆ ಬರುವುದಿಲ್ಲ, 3 ವೋಲ್ಟ್ ಹತ್ತಿರ ಇರುತ್ತದೆ. ಅದು ಆ 40 ಓಮ್‌ನ ಪಾಲು.

ಹೆಸರಿಗೆ ನನ್ನ ಮತ: ರಿಯಾಕ್ಟನ್ಸ್‌ಗೆ ‘ಪ್ರತಿಘಾತ’, ಇಂಪೀಡೆನ್ಸ್‌ಗೆ ‘ಪ್ರತಿಬಾಧೆ’.

ಸಿದ್ದಾಪುರದಿಂದ:

ನಮ್ಮ ತೋಟದ ಪಂಪಿನ ಕಂಡೆನ್ಸರ್ ಮೇಲೆ 440 ವೋಲ್ಟ್ ಎಂದು ಬರೆದಿದೆ. ಮನೆಗೆ ಬರುವುದು 230, ಅದೂ ಮಳೆಗಾಲದಲ್ಲಿ ಬಂದರೆ ಬಂತು. ಇದು ಅನುರಣನೆಯೋ? ದೊಡ್ಡ ಕಂಡೆನ್ಸರ್ ಹಾಕಿದರೆ ಪಂಪು ಜೋರಾಗಿ ಎತ್ತುತ್ತದೆಯೋ?

ಶಿರಸಿಯಿಂದ:

ಪ್ರಶ್ನೆ ಬೇರೆಯಾದರೂ ಉತ್ತರ ಇಲ್ಲಿಯದೇ. ಕಂಡೆನ್ಸರ್ ಎಂದರೆ ಕೆಪಾಸಿಟರೇ. ಅದು ಪಂಪಿನ ಎರಡನೇ ವೈಂಡಿಂಗ್ ಜೊತೆ ಸರಣಿಯಲ್ಲಿರುತ್ತದೆ. ವೈಂಡಿಂಗ್ ಒಂದು ಕಾಯಿಲ್ ತಾನೇ? ಕಂಡೆನ್ಸರ್ ಮೇಲೆ ಲೈನಿಗಿಂತ ಜಾಸ್ತಿ ವೋಲ್ಟೇಜು ಬರುವುದು ಅದಕ್ಕೇ. ಆದರೆ ಅದನ್ನು ಹಾಕಿದ್ದು ಅನುರಣನೆಗಲ್ಲ. ಎರಡು ವೈಂಡಿಂಗ್‌ಗಳ ಕರೆಂಟನ್ನು ಒಂದಕ್ಕೊಂದು ಹಿಂದೆ ಮುಂದೆ ಮಾಡಲು, ಅದರಿಂದ ತಿರುಗುವ ಬಲ ಹುಟ್ಟಲು. ದೊಡ್ಡದು ಹಾಕಿದರೆ ವೈಂಡಿಂಗ್ ಬಿಸಿಯಾಗಿ ಸುಡಬಹುದು. ಪ್ಲೇಟಿನ ಮೇಲೆ ಬರೆದಷ್ಟೇ ಹಾಕಿ.

ಹೊನ್ನಾವರದಿಂದ:

ಸೊನ್ನೆಯ ಮಾತು ಒಪ್ಪಿದೆ. ‘ಪ್ರತಿಘಾತ’ ಮಾತ್ರ ಒಪ್ಪೆ. ಗಣಿತದಲ್ಲಿ ಘಾತ ಬೇರೆ, ಊರಲ್ಲಿ ಘಾತ ಇನ್ನೂ ಬೇರೆ! ರಿಯಾಕ್ಟನ್ಸ್ ಎಂದೇ ಬರೆದರೆ ಏನು ನಷ್ಟ?

ಕಾರವಾರದಿಂದ:

ಕಾಯಿಲ್ ಅಳೆದೆ, 41 ಓಮ್. ಹಾಳೆಯಲ್ಲಿ ‘ರೋಧ’, ‘ರಿಯಾಕ್ಟನ್ಸ್’, ‘ಇಂಪೀಡೆನ್ಸ್’ ಎಂದೇ ಇಡುತ್ತೇನೆ. ಇನ್ನು ಉಳಿದದ್ದು ಫೇಸ್ ಆಂಗಲ್. ಮೊದಲ ಜೋಡಣೆಯಲ್ಲಿ ಕರೆಂಟು ಸುಮಾರು 49 ಡಿಗ್ರಿ ಮುಂದಿತ್ತು. ಇದನ್ನು ‘ಫೇಸ್ ಕೋನ’ ಎಂದರೆ, ಫೇಸ್ ಅಂದರೆ ಕರೆಂಟು ಹೊಡೆಯುವ ತಂತಿ ಎಂದುಕೊಳ್ಳುತ್ತಾರೆ. ‘ಹಂತ ಕೋನ’ ಎಂದರೆ ಪ್ರಯೋಗದ ಎಷ್ಟನೇ ಹಂತ ಎಂದು ಕೇಳುತ್ತಾರೆ. ಯಾರಾದರೂ ಬೇರೆ ಸೂಚಿಸುವಿರಾ?