ಸಹಾಯ ಬೇಕು: ಬದಲಿ ಕೊಟ್ಟ ಬ್ಯಾಟರಿಯ ಸೀರಿಯಲ್ ನಂಬರನ್ನು ಮೂಲ ಬಿಲ್ಲಿಗೆ ಜೋಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಇನ್ವರ್ಟರ್, ಬ್ಯಾಟರಿ ಅಂಗಡಿಯಿದ್ದು, ಬಿಲ್ ಸಂಖ್ಯೆ, ಸೀರಿಯಲ್ ನಂಬರ್ ಮತ್ತು ಮಾರಿದ ದಿನಾಂಕವನ್ನು ಎಕ್ಸೆಲ್‌ನಲ್ಲಿ ಬಿಲ್ಲಿಗೊಂದು ಸಾಲಿನಂತೆ ಬರೆದಿಡುತ್ತಿದ್ದೇವೆ.

12-03-2023ರಂದು 36 ತಿಂಗಳ ವಾರಂಟಿಯೊಂದಿಗೆ ಮಾರಿದ ಬ್ಯಾಟರಿಯೊಂದು 2024ರ ಆಗಸ್ಟ್‌ನಲ್ಲಿ ಕೆಟ್ಟಾಗ, ಕಂಪನಿಯವರು ಬೇರೆ ಸೀರಿಯಲ್ ನಂಬರಿನ ಬ್ಯಾಟರಿ ಕೊಟ್ಟರು. ಅದೂ ಈ ಜನವರಿಯಲ್ಲಿ ಕೈಕೊಟ್ಟಿತು. ಗ್ರಾಹಕರು ಮಡಚಿ ಮಡಚಿ ಸವೆದಿದ್ದ ಹಳೆಯ ಬಿಲ್ ತಂದರೂ, ಅದರಲ್ಲಿದ್ದ ಸಂಖ್ಯೆ ಬ್ಯಾಟರಿಯ ಮೇಲಿನದಕ್ಕೆ ತಾಳೆಯಾಗದ ಕಾರಣ ಕ್ಲೇಮ್ ತಿರಸ್ಕೃತವಾಯಿತು. ವಾರಂಟಿ ಇನ್ನೂ ಮುಗಿದಿರಲಿಲ್ಲವೆಂಬುದೇ ನನಗೆ ಬಹಳ ನೋವಿನ ಸಂಗತಿ.

ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಬರೆದರೆ ಬಿಲ್ಲಿನ ಕೊಂಡಿ ತಪ್ಪುತ್ತದೆ. ಹೊಸ ಮಾರಾಟವೆಂದು ಬರೆದರೆ, ಬದಲಿಗೂ ಮೂಲ ದಿನಾಂಕದಿಂದಲೇ ಎಣಿಸಬೇಕಾದ ವಾರಂಟಿ ತಪ್ಪಾಗಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಪ್ರತಿ ಸೀರಿಯಲ್ ನಂಬರಿಗೂ ಪ್ರತ್ಯೇಕ ಸಾಲು ಕೊಟ್ಟು, ‘ಯಾವುದರ ಬದಲಿಗೆ’, ‘ಮೂಲ ಬಿಲ್’, ‘ಕ್ಲೇಮ್ ಸಂಖ್ಯೆ’ ಎಂಬ ಮೂರು ಕಾಲಂ ಸೇರಿಸಬೇಕೆಂದಿದ್ದೇನೆ.

ಎರಡು ಮೂರು ಬಾರಿ ಬದಲಾದ ವಸ್ತುವಿಗೂ ಈ ಕ್ರಮ ಸಾಲುತ್ತದೆಯೇ? ಟ್ಯಾಲಿಯಲ್ಲಿ ಬ್ಯಾಚ್ ನಂಬರಿನ ಜಾಗದಲ್ಲಿ ಸೀರಿಯಲ್ ನಂಬರ್ ನಮೂದಿಸುವವರು ಬದಲಿ ವಸ್ತುವನ್ನು ಯಾವ ವೋಚರಿನಲ್ಲಿ ತೋರಿಸುತ್ತೀರಿ? ಅನುಭವವಿರುವವರು ದಯವಿಟ್ಟು ತಿಳಿಸಿ.